ಕೇಬಲ್ ಬಿಗಿ ಮಾಡಿದರೂ ಗೇರ್ ಸ್ಲಿಪ್ ಆಗ್ತಿತ್ತು

ನನ್ನದು 8 ಸ್ಪೀಡಿನ ಹೈಬ್ರಿಡ್ ಸೈಕಲ್, ಹಿಂದೆ 11-32 ಕ್ಯಾಸೆಟ್, ಅಂದರೆ 11ರಿಂದ 32 ಹಲ್ಲಿನವರೆಗಿನ ಎಂಟು ಹಲ್ಲುಚಕ್ರಗಳ ಗೊಂಚಲು. ಬೆಂಗಳೂರಲ್ಲಿ ದಿನಾ ಆಫೀಸಿಗೆ ಇದರಲ್ಲೇ ಹೋಗಿ ಬರುತ್ತೇನೆ. ಫ್ಲೈಓವರ್ ಹತ್ತುವಾಗ ಸ್ವಲ್ಪ ಜೋರಾಗಿ ತುಳಿದರೆ ಸಾಕು, ಟಕ್ ಅಂತ ಚೈನು ಹಾರಿ ಪೆಡಲ್ ಕಾಲಡಿಯಿಂದ ಕುಸಿಯುತ್ತಿತ್ತು. ಅಂಗಡಿಯಲ್ಲಿ ‘ಕೇಬಲ್ ಎಳೆದುಕೊಂಡಿದೆ ಸಾರ್’ ಅಂದು ಬಿಗಿ ಮಾಡಿ ಕಳಿಸಿದರು. ಏನೂ ಬದಲಾಗಲಿಲ್ಲ.

ಕೇಬಲ್ ಸಡಿಲ ಆಗುವುದೇನೋ ನಿಜ. ಆದರೆ ತಂತಿ ಎಳೆದುಕೊಳ್ಳುವುದು ತೀರಾ ಕಡಿಮೆ. ಹೊಸ ಕೇಬಲ್ ಹಾಕಿದ ಮೇಲೆ ಅದರ ಹೊರಕವಚದ ತುದಿಗಳು ಒತ್ತಿ ಕೂರುತ್ತವೆ, ಅಷ್ಟರಲ್ಲೇ ಬಿಗಿ ಹೋಗುತ್ತದೆ. ಆಗ ಕಾಣುವ ಲಕ್ಷಣವೇ ಬೇರೆ. ದೊಡ್ಡ ಹಲ್ಲುಚಕ್ರಕ್ಕೆ ಏರಲು ಚೈನು ತಡ ಮಾಡುತ್ತದೆ, ಕಟಕಟ ಸದ್ದು ಬರುತ್ತದೆ, ಕೆಲವೊಮ್ಮೆ ತಾನಾಗಿಯೇ ಪಕ್ಕದ ಗೇರಿಗೆ ಇಳಿಯುತ್ತದೆ. ಚೈನನ್ನು ಗೇರಿಂದ ಗೇರಿಗೆ ದಾಟಿಸುವ ಡಿರೇಲರ್ ಹತ್ತಿರ ಕೇಬಲ್ ಬಿಗಿ ಹೊಂದಿಸುವ ಬ್ಯಾರೆಲ್ ಅಡ್ಜಸ್ಟರನ್ನು ಹಿಂದಿನಿಂದ ನೋಡುತ್ತಾ ಅಪ್ರದಕ್ಷಿಣವಾಗಿ ಅರ್ಧ ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನನ್ನ ಸೈಕಲ್ಲಿನಲ್ಲಿ ಶಿಫ್ಟಿಂಗ್ ಎರಡೂ ಕಡೆಗೆ ಚೆನ್ನಾಗಿತ್ತು. ಹಿಂದಿನಿಂದ ಬಗ್ಗಿ ನೋಡಿದರೆ ಡಿರೇಲರಿನ ಮೇಲಿನ ಪುಟ್ಟ ಚಕ್ರ, ಚೈನು ಕೂತಿದ್ದ ಹಲ್ಲುಚಕ್ರದ ನೇರ ಕೆಳಗೇ ಇತ್ತು. ಚೈನು ಪಕ್ಕದ ಗೇರಿಗೆ ಹೋಗುತ್ತಲೂ ಇರಲಿಲ್ಲ. ಇದ್ದ ಚಕ್ರದಲ್ಲೇ ಹಲ್ಲಿನ ಮೇಲೇರಿ ಮುಂದಕ್ಕೆ ಹಾರುತ್ತಿತ್ತು.

ಇನ್ನೊಂದು ಸುಳಿವೂ ಇತ್ತು. ನಂದಿಬೆಟ್ಟ ಹತ್ತುವಾಗ ಒಮ್ಮೆಯೂ ಹಾರದ ಚೈನು ಊರೊಳಗಿನ ಸಣ್ಣ ಏರಿನಲ್ಲಿ ಹಾರುತ್ತದೆ ಅಂದರೆ ವಿಚಿತ್ರ ಅಲ್ವಾ? ಬೆಟ್ಟದಲ್ಲಿ ನಾನು ಬಳಸುವುದು 28, 32 ಹಲ್ಲಿನ ದೊಡ್ಡ ಚಕ್ರಗಳನ್ನು. ಅವು ಉಳಿದ ದಿನಗಳಲ್ಲಿ ಸುಮ್ನೆ ಕೂತಿರುತ್ತವೆ. ಆಫೀಸಿನ ದಾರಿಯಲ್ಲಿ ಮಾತ್ರ ಸದಾ 15 ಅಥವಾ 18. ಚಕ್ರ ಚಿಕ್ಕದಾದಷ್ಟೂ ಚೈನನ್ನು ಹಿಡಿಯುವ ಹಲ್ಲುಗಳೂ ಕಡಿಮೆ, ಹಾಗಾಗಿ ಒಂದೊಂದು ಹಲ್ಲಿನ ಮೇಲೂ ಭಾರ ಜಾಸ್ತಿ. ಇಷ್ಟವಾದ ಒಂದೆರಡು ಗೇರುಗಳಲ್ಲಿ ಮಾತ್ರ, ಅದೂ ಒತ್ತಿ ತುಳಿದಾಗ ಮಾತ್ರ ಹಾರಿದರೆ ನಾನು ಮೊದಲು ನೋಡುವುದು ಸವೆತವನ್ನೇ. ಎಲ್ಲ ಗೇರಲ್ಲೂ ಲಯವಾಗಿ, ಕೆಲವು ಸುತ್ತಿಗೊಮ್ಮೆ ಎಗರಿದರೆ ಬಿಗಿದುಕೊಂಡ ಚೈನಿನ ಕೊಂಡಿ ಹುಡುಕಬೇಕು. ಅದು ಬೇರೆ ಕಥೆ.

ಚೈನು ಅಳೆಯಲು ಸ್ಟೀಲ್ ಸ್ಕೇಲು ಸಾಕು, ಇಂಚಿನ ಗುರುತು ಇರಬೇಕು ಅಷ್ಟೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಅಂದರೆ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಟ್ಟರೆ, ಅಲ್ಲಿಂದ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಪೆಡಲನ್ನು ಕೈಯಿಂದ ಒತ್ತಿ ಚೈನು ಬಿಗಿಯಾಗಿಟ್ಟು ನೋಡಿದೆ. ನನ್ನದು 12 ಇಂಚು ದಾಟಿ ಇಂಚಿನ ಎಂಟನೇ ಒಂದು ಭಾಗದಷ್ಟು ಮುಂದಿತ್ತು. ಶೇಕಡಾ 1 ಸವೆತ. ಹದಿನಾರನೇ ಒಂದು ಭಾಗ, ಅಂದರೆ ಸುಮಾರು ಅರ್ಧ ಶೇಕಡಾ ದಾಟಿದಾಗಲೇ ಚೈನು ಬದಲಿಸಿದ್ದರೆ ಕ್ಯಾಸೆಟ್ ಬಹುಶಃ ಉಳಿಯುತ್ತಿತ್ತು. ಚೈನಿನ ತಗಡು ಉದ್ದವಾಗುವುದಿಲ್ಲ, ಪಿನ್ನು ಕೂರುವ ಜಾಗ ಸವೆಯುತ್ತದೆ. ಹಾಗೆ ಅಂತರ ಹೆಚ್ಚಿದ ಚೈನು ಹಲ್ಲಿನ ಬುಡ ಬಿಟ್ಟು ಮೇಲಕ್ಕೆ ಕೂತು, ಹಲ್ಲನ್ನೂ ತನ್ನ ಅಳತೆಗೇ ತಿನ್ನುತ್ತದೆ.

ಕ್ಯಾಸೆಟ್ ಬೆಲೆ ಜಾಸ್ತಿ. ಅದಕ್ಕೇ ಮೊದಲು ಹೊಸ ಚೈನು ಮಾತ್ರ ಹಾಕಿ ಪರೀಕ್ಷೆ ಮಾಡಿದೆ. ಕತ್ತರಿಸುವಾಗ ಹಳೆಯದರ ಪಕ್ಕ ತೂಗುಹಾಕಿ ಅಳೆಯಲಿಲ್ಲ, ಕೊಂಡಿಗಳನ್ನು ಎಣಿಸಿದೆ. ಇಷ್ಟು ಸವೆದ ಚೈನು ಪೂರ್ತಿ ಉದ್ದಕ್ಕೆ ಒಂದು ಕೊಂಡಿಗಿಂತ ಹೆಚ್ಚೇ ಉದ್ದವಾಗಿರುತ್ತದೆ. ಆಮೇಲೆ ಖಾಲಿ ರಸ್ತೆಯಲ್ಲಿ ಸೀಟಿನ ಮೇಲೆ ಕೂತೇ, ಹಿಂದಿನ ಬ್ರೇಕನ್ನು ಸ್ವಲ್ಪ ಹಿಡಿದುಕೊಂಡು, ಒಂದೊಂದೇ ಗೇರಿನಲ್ಲಿ ಒತ್ತಿ ತುಳಿದೆ. ಎದ್ದು ನಿಂತು ತುಳಿದು ನೋಡಬೇಡಿ. ಹಾರಿದರೆ ಹಲ್ಲು ಹೋಗುವುದು ಸೈಕಲ್ಲಿನದ್ದಲ್ಲ. 15 ಮತ್ತು 18ರಲ್ಲಿ ಒತ್ತಿದಾಗೆಲ್ಲ ಹಾರಿತು, ಮೊದಲಿಗಿಂತಲೂ ಕೆಟ್ಟದಾಗಿ. ಬೇರೆ ಯಾವುದರಲ್ಲೂ ಹಾರಲಿಲ್ಲ. ಹೊಸ ಚೈನಿನ ಸರಿಯಾದ ಅಳತೆಗೆ ಸವೆದ ಹಲ್ಲು ಹೊಂದುವುದಿಲ್ಲ. ಕಣ್ಣಿಗೆ ಆ ಹಲ್ಲುಗಳು ಅಂಥ ಮೊನಚಾಗಿಯೇನೂ ಕಾಣುತ್ತಿರಲಿಲ್ಲ ಅನ್ನುವುದು ಗಮನಿಸಬೇಕಾದ್ದು.

ಚೈನ್ ತುಂಡು ಜೋಡಿಸಿದ ಹಿಡಿಯಂಥ ಚೈನ್ ವಿಪ್ಪಿನಲ್ಲಿ ಕ್ಯಾಸೆಟ್ ತಿರುಗದಂತೆ ಹಿಡಿದು, ಅದನ್ನು ಬಿಗಿದಿಡುವ ಲಾಕ್‌ರಿಂಗ್ ಬಿಚ್ಚಿ ಹೊಸ ಕ್ಯಾಸೆಟ್ ಹಾಕಿದೆ. ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿನಷ್ಟು ಬಿಗಿ ಮಾಡಬೇಕು, ಕೊನೆಯಲ್ಲಿ ಕರಕರ ಅನ್ನುವವರೆಗೆ. 7 ಸ್ಪೀಡಿನ ಎಷ್ಟೋ ಸೈಕಲ್ಲುಗಳಲ್ಲಿ ಕ್ಯಾಸೆಟ್ ಬದಲು ತಿರುಪಿನಂತೆ ತಿರುಗಿಸಿ ಕೂರಿಸುವ ಫ್ರೀವೀಲ್ ಇರುತ್ತದೆ, ಅದಕ್ಕೆ ಬೇರೆ ಟೂಲ್ ಬೇಕು. ಸ್ಲಿಪ್ ನಿಂತಿತು. ಈಗ ನಾನು 8 ಸ್ಪೀಡಿನಲ್ಲಿ ಹದಿನಾರನೇ ಒಂದು ಭಾಗ ದಾಟಿದೊಡನೆ ಚೈನು ಬದಲಿಸುತ್ತೇನೆ. 11, 12 ಸ್ಪೀಡಿನವರು ಆ ಗುರುತು ಮುಟ್ಟಿದ ಕೂಡಲೇ ಬದಲಿಸುವುದು ಒಳ್ಳೆಯದು. ಪೆಡಲ್ ಪಕ್ಕದ ಮುಂದಿನ ಹಲ್ಲುಚಕ್ರಕ್ಕೆ ಹಲ್ಲು ಜಾಸ್ತಿ, ಅದು ನಿಧಾನ ಸವೆಯುತ್ತದೆ. ನನ್ನದರಲ್ಲಿ ಹೊಸ ಚೈನು ಸಲೀಸಾಗಿ ಕೂತಿದ್ದರಿಂದ ಅದನ್ನು ಹಾಗೇ ಬಿಟ್ಟಿದ್ದೇನೆ.