ಆಟವನ್ನು ಕಟ್ಟಿಹಾಕದೆ ರೆಕಾರ್ಡಿಂಗನ್ನು ಇ-ಕೋರ್‌ಗಳಿಗೆ ಕಳಿಸಿದೆ

ನನ್ನ ಕಂಪ್ಯೂಟರಿನಲ್ಲಿರುವುದು ಇಂಟೆಲ್ ಕೋರ್ ಐ5-13600ಕೆ. ಅದರಲ್ಲಿ ವೇಗದ ಪಿ-ಕೋರ್‌ಗಳು ಆರು, ಕಡಿಮೆ ವಿದ್ಯುತ್ತಿನಲ್ಲಿ ನಿಧಾನವಾಗಿ ದುಡಿಯುವ ಇ-ಕೋರ್‌ಗಳು ಎಂಟು. ಒಂದೊಂದು ಪಿ-ಕೋರ್ ಎರಡೆರಡು ಥ್ರೆಡ್‌ಗಳನ್ನು ನಡೆಸುವುದರಿಂದ ವಿಂಡೋಸ್ 11ಕ್ಕೆ ಕಾಣುವುದು ಒಟ್ಟು 20 ಲಾಜಿಕಲ್ ಪ್ರೊಸೆಸರ್‌ಗಳು: 0ಯಿಂದ 11ರವರೆಗೆ ಪಿ, 12ರಿಂದ 19ರವರೆಗೆ ಇ. ಆಟವೊಂದನ್ನೇ ಆಡುವಾಗ ಯಾವ ತೊಂದರೆಯೂ ಇರಲಿಲ್ಲ. ಜೊತೆಗೆ ಪರದೆಯನ್ನು ರೆಕಾರ್ಡ್ ಮಾಡುವ OBS ತಂತ್ರಾಂಶದಲ್ಲಿ, ಪ್ರೊಸೆಸರಿನ ಮೇಲೆಯೇ ವಿಡಿಯೊ ಕುಗ್ಗಿಸುವ x264 ಎನ್‌ಕೋಡರ್ ಬಳಸಿ ರೆಕಾರ್ಡ್ ಮಾಡಲು ತೊಡಗಿದರೆ ಆಟ ಆಗಾಗ ತಡವರಿಸುತ್ತಿತ್ತು. ವಿಚಿತ್ರವೆಂದರೆ, ಪರದೆಯ ಮೂಲೆಯಲ್ಲಿ ಕಾಣುವ ಸರಾಸರಿ ಫ್ರೇಮ್ ದರ ಹೆಚ್ಚೇನೂ ಇಳಿದಿರಲಿಲ್ಲ.

ಸರಾಸರಿ ಇಂಥದ್ದನ್ನು ಮುಚ್ಚಿಹಾಕುತ್ತದೆ. ಹಾಗಾಗಿ PresentMon ಓಡಿಸಿ, ಒಂದೊಂದು ಫ್ರೇಮಿಗೂ ಹಿಡಿದ ಸಮಯವನ್ನು ಸಿಎಸ್‌ವಿ ಕಡತದಲ್ಲಿ ತೆಗೆದುಕೊಂಡೆ. ಅದಕ್ಕೂ ಮೊದಲು ರೆಸಲ್ಯೂಶನ್ ತಗ್ಗಿಸಿದೆ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುತ್ತಿದ್ದರೆ ಪ್ರೊಸೆಸರಿನ ಏರುಪೇರು ಅದರ ಹಿಂದೆ ಅಡಗಿಬಿಡುತ್ತದೆ, ಎಷ್ಟು ಅಳೆದರೂ ಏನೂ ತಿಳಿಯುವುದಿಲ್ಲ. ಸಮಯಗಳನ್ನು ಗ್ರಾಫ್ ಮಾಡಿದಾಗ ಸಮತಟ್ಟಾದ ಗೆರೆಯ ಮೇಲೆ ಅಲ್ಲಲ್ಲಿ ಮುಳ್ಳುಗಳು ಎದ್ದಿದ್ದವು. ರೆಕಾರ್ಡಿಂಗ್ ನಿಲ್ಲಿಸಿದರೆ ಮುಳ್ಳುಗಳೂ ಇಲ್ಲ.

ಇದರ ಕಾರಣ ಆಟ ಕೆಲಸ ಹಂಚುವ ರೀತಿಯಲ್ಲಿದೆ. ಮುಖ್ಯ ಥ್ರೆಡ್ ಪ್ರತಿ ಫ್ರೇಮಿನಲ್ಲೂ ಅನಿಮೇಶನ್, ಭೌತಿಕ ಲೆಕ್ಕಾಚಾರ ಮುಂತಾದವನ್ನು ಸಹಾಯಕ ಥ್ರೆಡ್‌ಗಳಿಗೆ ಹಂಚಿ, ಎಲ್ಲವೂ ಮುಗಿಯುವವರೆಗೆ ಕಾಯುತ್ತದೆ. ಹಂಚಿದ ಒಂದು ತುಣುಕು ಪಿ-ಕೋರ್‌ನಲ್ಲಿ 3 ಮಿಲಿಸೆಕೆಂಡು, ಇ-ಕೋರ್‌ನಲ್ಲಿ 5 ಮಿಲಿಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. ಮುಖ್ಯ ಥ್ರೆಡ್‌ನ ಉಳಿದ ಕೆಲಸ 4 ಮಿಲಿಸೆಕೆಂಡು. ಎಲ್ಲ ತುಣುಕುಗಳೂ ಪಿ-ಕೋರ್‌ಗಳಲ್ಲಿ ಮುಗಿದರೆ ಫ್ರೇಮಿಗೆ 7 ಮಿಲಿಸೆಕೆಂಡು, ಅಂದರೆ ಸೆಕೆಂಡಿಗೆ ಸುಮಾರು 143 ಫ್ರೇಮುಗಳು. ಒಂದೇ ಒಂದು ತುಣುಕು ಇ-ಕೋರ್‌ಗೆ ಬಿದ್ದರೂ ಸಾಕು, ಆ ಫ್ರೇಮ್ 9 ಮಿಲಿಸೆಕೆಂಡಿಗೆ ಏರುತ್ತದೆ; ಅದು 111 ಫ್ರೇಮುಗಳ ವೇಗ. ಬೇಗ ಮುಗಿಸಿದ ಉಳಿದ ಥ್ರೆಡ್‌ಗಳು ಸುಮ್ಮನೆ ಕಾಯುತ್ತವೆ.

ಯಾವ ಥ್ರೆಡ್ ಎಂಥ ಸೂಚನೆಗಳನ್ನು ಓಡಿಸುತ್ತಿದೆ ಎಂಬುದನ್ನು ಇಂಟೆಲ್‌ನ ಥ್ರೆಡ್ ಡೈರೆಕ್ಟರ್ ನೋಡಿ ವಿಂಡೋಸ್‌ಗೆ ಸುಳಿವು ಕೊಡುತ್ತದೆ. ಆದರೆ ಫ್ರೇಮ್ ಯಾವ ಥ್ರೆಡ್‌ಗಾಗಿ ಕಾದು ಕುಳಿತಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅದರ ಕಣ್ಣಿಗೆ x264 ಕೂಡ ಭಾರದ ಕೆಲಸವೇ, ಪಿ-ಕೋರ್‌ಗೆ ಅರ್ಹವೇ. ಹೀಗೆ ಆರು ಪಿ-ಕೋರ್‌ಗಳಿಗೆ ಎರಡೂ ಕಡೆಯಿಂದ ಪೈಪೋಟಿ ಹುಟ್ಟುತ್ತದೆ.

ಮೊದಲು ಆಟವನ್ನು ಪಿ-ಕೋರ್‌ಗಳಿಗಷ್ಟೇ ಸೀಮಿತಗೊಳಿಸಿ ನೋಡಿದೆ. ಯಾವ ಪ್ರೊಸೆಸರ್‌ಗಳನ್ನು ಬಳಸಬಹುದು ಎಂದು ಹೇಳುವ ಹೆಕ್ಸ್ ಸಂಖ್ಯೆಯೇ ಮಾಸ್ಕ್; ಅದರ ಒಂದೊಂದು ಅಂಕಿ ನಾಲ್ಕು ಪ್ರೊಸೆಸರ್‌ಗಳಿಗೆ. ಇಲ್ಲಿ ಅದು FFF. ಮುಳ್ಳುಗಳು ಕಡಿಮೆಯಾದವು, ಹೋಗಲಿಲ್ಲ. ಎನ್‌ಕೋಡರ್ ಆಗಲೂ ಅದೇ ಪಿ-ಕೋರ್‌ಗಳಿಗೆ ನುಗ್ಗುತ್ತಿತ್ತು. ಅಲ್ಲದೆ ಕೆಲವು ಆಟಗಳು ಯಂತ್ರದ ಎಲ್ಲ ಪ್ರೊಸೆಸರ್‌ಗಳನ್ನು ಎಣಿಸಿ ಅದಕ್ಕೆ ತಕ್ಕಷ್ಟು ಸಹಾಯಕ ಥ್ರೆಡ್‌ಗಳನ್ನು ಹುಟ್ಟಿಸುತ್ತವೆ. ಇಪ್ಪತ್ತರ ಲೆಕ್ಕದಲ್ಲಿ ಹುಟ್ಟಿದವನ್ನು ಹನ್ನೆರಡರಲ್ಲಿ ತುರುಕಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಚೀಟಿಂಗ್ ತಡೆಯುವ ತಂತ್ರಾಂಶವಿರುವ ಆನ್‌ಲೈನ್ ಆಟಗಳಂತೂ ಹಲವು ಬಾರಿ ಇದನ್ನು ಬದಲಿಸಲು ಬಿಡುವುದೇ ಇಲ್ಲ.

ಆದ್ದರಿಂದ ಆಟವನ್ನು ಅದರ ಪಾಡಿಗೆ ಬಿಟ್ಟು, ಕಮಾಂಡ್ ಪ್ರಾಂಪ್ಟಿನಲ್ಲಿ ಈ ಆದೇಶ ಕೊಟ್ಟು OBSಅನ್ನು ಇ-ಕೋರ್‌ಗಳಿಗೆ ಕಳಿಸಿದೆ:

```
start "" /d "C:\Program Files\obs-studio\bin\64bit" /affinity FF000 obs64.exe
```

ಬಲಗಡೆಯ ಮೂರು ಸೊನ್ನೆಗಳು 0–11ನ್ನು ಬಿಡುತ್ತವೆ, FF ಎಂಬುದು 12–19ನ್ನು ಆರಿಸುತ್ತದೆ. OBS ಆಗಲೇ ತೆರೆದಿದ್ದರೆ ಅದನ್ನು ಮುಚ್ಚಿ ಈ ಆದೇಶ ಕೊಡಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಲಾಜಿಕಲ್ ಪ್ರೊಸೆಸರ್‌ಗಳ ನೋಟ ತೆರೆದರೆ, ರೆಕಾರ್ಡಿಂಗ್ ಶುರುವಾದ ಕ್ಷಣವೇ ಕೊನೆಯ ಎಂಟು ಚೌಕಗಳು ತುಂಬಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಅದೇ ದೃಶ್ಯವನ್ನು ಮತ್ತೆ ಅಳೆದಾಗ ಗ್ರಾಫಿನ ಗೆರೆ ರೆಕಾರ್ಡಿಂಗ್ ಇಲ್ಲದಾಗಿನ ಗೆರೆಗೆ ಬಹಳ ಹತ್ತಿರ ಬಂದಿತ್ತು. ಸಂತೋಷವಾಯಿತು.

ಇದಕ್ಕೊಂದು ಬೆಲೆಯಿದೆ. ಎಂಟು ಇ-ಕೋರ್‌ಗಳ ಶಕ್ತಿ ಸಾಲದೆ ಹೋದರೆ ಆಟ ನಯವಾಗಿಯೇ ಓಡುತ್ತದೆ, ವಿಡಿಯೊ ಮಾತ್ರ ಹಾಳಾಗುತ್ತದೆ. OBSನ Stats ಕಿಟಕಿಯಲ್ಲಿ "Skipped frames due to encoding lag" ಎಂಬ ಸಂಖ್ಯೆ ಏರುತ್ತಿದ್ದರೆ x264 ಪ್ರಿಸೆಟ್ಟನ್ನು ಇನ್ನಷ್ಟು ವೇಗದ ಕಡೆಗೆ, ಅಂದರೆ `veryfast` ಅಥವಾ `superfast`ಗೆ ಬದಲಿಸಬೇಕು. ನಾಲ್ಕೇ ಇ-ಕೋರ್‌ಗಳಿರುವ 12600ಕೆಯಲ್ಲಿ ಈ ಮಿತಿ ಬೇಗ ಎದುರಾಗುತ್ತದೆ. ಅಲ್ಲಿ ಮಾಸ್ಕ್ ಕೂಡ F000. 2024ರಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್ ಸರಣಿಯ ಪಿ-ಕೋರ್‌ಗಳಲ್ಲಿ ಒಂದೇ ಕೋರ್ ಎರಡು ಥ್ರೆಡ್ ನಡೆಸುವ ಹೈಪರ್‌ಥ್ರೆಡಿಂಗ್ ಇಲ್ಲ. ಆದ್ದರಿಂದ ಮೇಲಿನ ಆದೇಶವನ್ನು ಅಲ್ಲಿ ಹಾಗೆಯೇ ನಕಲು ಮಾಡದೆ, ಆ ಯಂತ್ರದ ಕೋರ್‌ಗಳ ಕ್ರಮ ನೋಡಿಕೊಂಡು ಮಾಸ್ಕನ್ನು ಹೊಸದಾಗಿ ಲೆಕ್ಕ ಹಾಕಬೇಕು.