ಬೆವರುತ್ತಿದ್ದವನ ಉಷ್ಣಾಘಾತ

ನವಿ ಮುಂಬೈಯಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಬರುವ ಕಟ್ಟಡ ಕಾರ್ಮಿಕರಲ್ಲಿ ಅನೇಕರು ಯಾದಗಿರಿ, ಕಲಬುರಗಿ ಕಡೆಯವರು. ಒಂದು ಮೇ ತಿಂಗಳ ಮಧ್ಯಾಹ್ನ, ಸ್ಲ್ಯಾಬ್ ಹಾಕುತ್ತಿದ್ದ ಜಾಗದಿಂದ ಇಬ್ಬರನ್ನು ಒಟ್ಟಿಗೇ ಕರೆತಂದರು. ನಡುವಯಸ್ಸಿನ ಮೇಸ್ತ್ರಿಗೆ ತಲೆ ಸುತ್ತು, ವಾಕರಿಕೆ ಮತ್ತು ವಿಪರೀತ ಸುಸ್ತು ಇದ್ದರೂ ಅವರು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸುತ್ತಿದ್ದರು. ಅವರದು ಉಷ್ಣದ ಬಳಲಿಕೆ. ನೆರಳಿನಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಓಆರ್‌ಎಸ್ ಕುಡಿಸಿದ ಮೇಲೆ ಚೇತರಿಸಿಕೊಂಡರು.

ಇಪ್ಪತ್ತರ ಹರೆಯದ ಇನ್ನೊಬ್ಬನ ಬಗ್ಗೆ ಅವನ ಕಾಕಾ, "ಸಾಹೇಬ್ರ, ಹುಡುಗ ಏನೇನೋ ಬಡಬಡಿಸಾಕತ್ಯಾನ್ರೀ, ನನ್ನ ಗುರುತೂ ಹಿಡಿವಲ್ಲ" ಎಂದರು. ಮೈ ಬೆವರಿನಿಂದ ತೊಯ್ದಿತ್ತು. ಕಂಕುಳಿನ ಥರ್ಮಾಮೀಟರ್ 38.4 ಡಿಗ್ರಿ ತೋರಿಸಿತು. ಬೆವರು ನಿಂತರೆ ಮಾತ್ರ ಉಷ್ಣಾಘಾತವೆಂಬ ತಿಳಿವಳಿಕೆ ಹಿಂದೆ ನನ್ನಲ್ಲಿಯೂ ಇತ್ತು. ಆದರೆ ಮೈಮುರಿದು ದುಡಿಯುವವರಲ್ಲಿ ಉಷ್ಣಾಘಾತವಾದಾಗಲೂ ಬೆವರು ಹರಿಯುತ್ತಲೇ ಇರಬಹುದು, ಒದ್ದೆ ಚರ್ಮದ ಅಳತೆ ಒಳಗಿನ ತಾಪವನ್ನು ಮುಚ್ಚಿಡುತ್ತದೆ. ಬುದ್ಧಿ ಕದಲಿರುವುದೇ ನಿಜವಾದ ಗುರುತು. ಗುದದ್ವಾರದಲ್ಲಿ ಅಳೆದಾಗ 41.3 ಇತ್ತು.

ಆಂಬುಲೆನ್ಸಿಗೆ ಹೇಳಿ ಕಳುಹಿಸಿದೆವು, ಆದರೆ ಅದಕ್ಕಾಗಿ ಕಾಯಲಿಲ್ಲ. ತಾಡಪತ್ರಿಯ ಮೇಲೆ ಅವನನ್ನು ಮಲಗಿಸಿ, ನಾಲ್ವರು ಅಂಚುಗಳನ್ನು ಎತ್ತಿ ಹಿಡಿದು ತೊಟ್ಟಿಯಂತೆ ಮಾಡಿದರು. ಅದರೊಳಗೆ ನೀರು ಮತ್ತು ಮಂಜುಗಡ್ಡೆ ಸುರಿದು ಅಲುಗಾಡಿಸುತ್ತಾ, ಒಬ್ಬರು ತಲೆಯನ್ನು ನೀರಿನಿಂದ ಮೇಲೆ ಹಿಡಿದಿದ್ದರು. ಎಚ್ಚರ ತಪ್ಪುತ್ತಿದ್ದವನ ಶ್ವಾಸನಾಳಕ್ಕೆ ನೀರು ಹೋಗಬಾರದೆಂದು ಬಾಯಿಗೆ ಏನನ್ನೂ ಹಾಕಲಿಲ್ಲ. ಪ್ಯಾರಾಸಿಟಮಾಲ್ ಕೂಡ ಕೊಡಲಿಲ್ಲ. ಸೋಂಕಿನ ಜ್ವರದಲ್ಲಿ ಮಿದುಳೇ ತಾಪದ ಗುರಿಯನ್ನು ಏರಿಸಿರುತ್ತದೆ, ಇಲ್ಲಿ ಗುರಿ ಹಾಗೆಯೇ ಇದ್ದು ಶಾಖ ಹೊರಹೋಗುವ ದಾರಿ ಮಾತ್ರ ಸೋತಿರುತ್ತದೆ. ಸುಮಾರು 20 ನಿಮಿಷಗಳಲ್ಲಿ ತಾಪ 38.8ಕ್ಕೆ ಇಳಿಯಿತು, ಅತಿಯಾಗಿ ತಣ್ಣಗಾಗಬಾರದೆಂದು ಅಲ್ಲಿಗೇ ನಿಲ್ಲಿಸಿ, ಮೂತ್ರಪಿಂಡ, ಯಕೃತ್ತುಗಳ ಪರೀಕ್ಷೆಗಾಗಿ ಆಸ್ಪತ್ರೆಗೆ ಕಳುಹಿಸಿದೆ.

ಆ ದಾರಿ ಸೋತದ್ದು ಹೇಗೆ? ದುಡಿಯುವ ಸ್ನಾಯು ಬಳಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೊಮ್ಮುತ್ತದೆ. ಬೆವರು ಆವಿಯಾದರೆ ಮಾತ್ರ ಮೈ ತಂಪಾಗುತ್ತದೆ. ಸಮುದ್ರದಂಚಿನ ಈ ತೇವದ ಗಾಳಿಯಲ್ಲಿ ಅದು ತೊಟ್ಟಿಕ್ಕಿ ವ್ಯರ್ಥವಾಗುತ್ತದೆ, ದೇಹದ ನೀರೂ ಕಳೆಯುತ್ತದೆ. ಶಾಖ ಹೊರಹಾಕಲು ಚರ್ಮಕ್ಕೂ, ದುಡಿಯಲು ಸ್ನಾಯುವಿಗೂ ರಕ್ತ ಬೇಕು. ನೀರು ಕಡಿಮೆಯಾದಾಗ ಹೃದಯ ಎರಡನ್ನೂ ಪೂರೈಸಲಾರದು. ರಕ್ತದೊತ್ತಡ ಉಳಿಸಲು ದೇಹವು ಚರ್ಮದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ.

ಒಂದೇ ಸ್ಲ್ಯಾಬಿನ ಮೇಲಿದ್ದರೂ ಮೇಸ್ತ್ರಿಗಿಂತ ಹುಡುಗನೇ ಏಕೆ ಕುಸಿದನೆಂಬುದು ಕಾಕಾ ಅವರ ಮಾತಿನಿಂದ ತಿಳಿಯಿತು. ಒಂದು ತಿಂಗಳು ಊರಿನಲ್ಲಿ ಕೆಲಸವಿಲ್ಲದೆ ಇದ್ದು ಬಂದಿದ್ದ ಅವನಿಗೆ ಅದು ಮೂರನೆಯ ದಿನ. ಬಿಸಿಲಿನ ದುಡಿಮೆಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಬಿಡುವಿನಲ್ಲಿ ಆ ಹೊಂದಿಕೆ ಕರಗಿಹೋಗುತ್ತದೆ. ಊರಿನಿಂದ ಮರಳಿದವರಿಗೆ ಮೊದಲ ದಿನ ಪೂರ್ತಿ ಪಾಳಿಯ ಐದನೇ ಒಂದು ಭಾಗದಷ್ಟೇ ಬಿಸಿಲಿನ ಕೆಲಸ ಕೊಟ್ಟು, ದಿನದಿನಕ್ಕೂ ಅಷ್ಟಷ್ಟೇ ಏರಿಸಬೇಕೆಂದು ಆ ಸಂಜೆಯೇ ಮುಕಾದಮರಿಗೆ ಬರೆದುಕೊಟ್ಟೆ.