ಎರಡೂಕಾಲು ವರ್ಷ, ನಾಲ್ಕೇ ಮಾತು: ಮನೆಗೆ ಕೊಟ್ಟ ಒಂದು ಹಾಳೆಯ ಕತೆ

ಹಾಸನದಲ್ಲಿ ನಾನು ಚಿಕ್ಕ ಮಕ್ಕಳಿಗೆ ಸ್ಪೀಚ್ ಥೆರಪಿ ಮಾಡುತ್ತೇನೆ. ಒಂದು ಮಗು ನನ್ನ ಹತ್ತಿರ ಇರುವುದು ವಾರಕ್ಕೆ ಒಂದು ಸಲ, ಮುಕ್ಕಾಲು ಗಂಟೆ. ಉಳಿದದ್ದೆಲ್ಲ ಮನೆಯಲ್ಲೇ. ಹಾಗಾಗಿ ಅಪ್ಪ ಅಮ್ಮಂದಿರ ಕೈಗೆ ಒಂದು ಅಭ್ಯಾಸದ ಹಾಳೆ ಕೊಟ್ಟು ಕಳಿಸುವುದು ನನ್ನ ರೂಢಿ. ಆ ಹಾಳೆಯನ್ನು ನಾನು ಪೂರ್ತಿ ಹರಿದು ಹೊಸದಾಗಿ ಬರೆಯುವ ಹಾಗೆ ಮಾಡಿದ್ದು ಒಬ್ಬ ಹುಡುಗ. ಇಲ್ಲಿ ಅವನನ್ನು ಪುಟ್ಟ ಅಂತಲೇ ಕರೆಯುತ್ತೇನೆ.

ಬಂದಾಗ ಅವನಿಗೆ ಎರಡು ವರ್ಷ ಮೂರು ತಿಂಗಳು. ಆಡುತ್ತಿದ್ದದ್ದು ಅಮ್ಮ, ತಾ, ಬೌ, ಟಾಟಾ, ಇಷ್ಟೇ. ಬೇರೇನು ಬೇಕಾದರೂ ಕೈ ಹಿಡಿದು ಎಳೆದು 'ಊಂ ಊಂ' ಅನ್ನುತ್ತಿದ್ದ. ಎರಡು ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಮಕ್ಕಳು ಐವತ್ತರ ಆಸುಪಾಸು ಪದ ಆಡುತ್ತಾರೆ, 'ಅಪ್ಪ ಬಾ' ಅಂತ ಎರಡು ಪದ ಕೂಡಿಸಲು ಶುರು ಮಾಡುತ್ತಾರೆ. ಆದರೆ ಪುಟ್ಟನಿಗೆ ಅರ್ಥ ಆಗುವುದು ಚೆನ್ನಾಗಿತ್ತು. 'ಚಪ್ಪಲಿ ತಗೊಂಡು ಬಾ' ಅಂದರೆ ತರುತ್ತಿದ್ದ. ಹೆಸರು ಕರೆದರೆ ತಿರುಗುತ್ತಿದ್ದ. ಕಿಟಕಿ ಆಚೆ ಹಸು ಕಂಡರೆ ಬೆರಳು ತೋರಿಸಿ, ಅಮ್ಮನೂ ನೋಡಿದಳಾ ಅಂತ ಅವಳ ಮುಖ ನೋಡುತ್ತಿದ್ದ. ಆ ತಿರುಗಿ ನೋಡುವುದು ನನಗೆ ತುಂಬ ಮುಖ್ಯ. ಕಿವಿಯ ಪರೀಕ್ಷೆ ಮೊದಲೇ ಮಾಡಿಸಿದ್ದೆವು, ಕೇಳಿಸುವುದರಲ್ಲಿ ತೊಂದರೆ ಇರಲಿಲ್ಲ. ಮನೆಯಲ್ಲಿ ಅಜ್ಜಿ ಬಜೆ ತೇದು ನಾಲಿಗೆಗೆ ಸವರಿದ್ದರು. 'ಇವನಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನಿರಿ' ಅಂತಲೂ ಹೇಳಿದ್ದರು. ಬಜೆಯಿಂದ ಮಾತು ಬರುವುದಿಲ್ಲ. ಮೂರು ವರ್ಷದವರೆಗೆ ಸುಮ್ಮನೆ ಕಾಯುವುದೂ ಸರಿಯಲ್ಲ.

ಆಗ ನಾನು ಕೊಡುತ್ತಿದ್ದ ಹಾಳೆಯಲ್ಲಿ 30 ಚಿತ್ರ ಇರುತ್ತಿದ್ದವು. ಸೇಬು, ಬಸ್ಸು, ಬೆಕ್ಕು, ಕೆಂಪು, ನೀಲಿ. ಪಕ್ಕದಲ್ಲಿ 'ಹೇಳಿದ', 'ಹೇಳಲಿಲ್ಲ' ಅಂತ ಎರಡು ಖಾನೆ. ಒಂದು ವಾರ ಬಿಟ್ಟು ಅವನಮ್ಮ ಬಂದು, "ಮೇಡಂ, ಹಾಳೆ ತೆಗೆದರೆ ಸಾಕು, ಓಡಿಹೋಗ್ತಾನೆ" ಅಂದರು. ಎಲ್ಲ ಸಾಲಲ್ಲೂ 'ಹೇಳಲಿಲ್ಲ'. ಅವರ ಮುಖ ನೋಡಲಾಗಲಿಲ್ಲ ನನಗೆ.

ಅಮ್ಮ, ಮಗ ಇಬ್ಬರಿಗೂ ಒಂದು ಚೆಂಡು ಕೊಟ್ಟು, ಮನೆಯಲ್ಲಿ ಆಡುವ ಹಾಗೆ ಆಡಿ ಅಂತ ಹೇಳಿ ಪಕ್ಕದಲ್ಲಿ ಕೂತೆ. ಐದು ನಿಮಿಷ ಎಣಿಸಿದೆ. 'ಇದೇನು?', 'ಯಾವ ಬಣ್ಣ?', 'ಚೆಂಡು ಅನ್ನು, ಪುಟ್ಟಾ, ಅನ್ನು.' ಹೀಗೆ 31 ಸಲ. ಒಂದು ಪ್ರಶ್ನೆಗೆ ಅವನು ಉತ್ತರ ಹುಡುಕುವ ಮೊದಲೇ ಇನ್ನೊಂದು. ನಡುವೆ ಒಮ್ಮೆ ಚೆಂಡು ಕೈ ಜಾರಿ ಮೇಜಿನ ಕೆಳಗೆ ಹೋಯಿತು. ಪುಟ್ಟ ಬಗ್ಗಿ ನೋಡಿ, ಮೆಲ್ಲಗೆ 'ಬಿ' ಅಂದ. 'ಬಿತ್ತು' ಅನ್ನಲು ಅವನು ಮಾಡಿದ ಪ್ರಯತ್ನ ಅದು. ಅಷ್ಟರಲ್ಲಿ ಅಮ್ಮ ಮುಂದಿನ 'ಇದೇನು?' ಕೇಳಿಯಾಗಿತ್ತು. ಆ 'ಬಿ' ಅಮ್ಮನ ಕಿವಿಗೆ ಬೀಳದೆ ಹೋಯಿತು. ತಪ್ಪು ಅವರದಲ್ಲ, ನನ್ನ ಹಾಳೆಯದು. ನಾನೇ ಅವರ ಕೈಗೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೊಟ್ಟಿದ್ದೆ.

ಆ ರಾತ್ರಿ ಹೊಸ ಹಾಳೆ ಬರೆದೆ. ಚಿತ್ರ ಒಂದೂ ಇಲ್ಲ. ದಿನಕ್ಕೆ ಮೂರು ಹೊತ್ತು, ಒಂದೊಂದು ಹತ್ತೇ ನಿಮಿಷ: ಸ್ನಾನ, ಸಂಜೆಯ ಆಟ, ಮಲಗುವ ಮುಂಚೆ. ನಾಲ್ಕು ಖಾನೆ: ಏನು ಆಡಿದೆವು, ನಾನು ಯಾವ ಪದ ಆಡಿದೆ, ಕಾದೆನಾ, ಅವನು ಏನು ಮಾಡಿದ. ಕೊನೆಯ ಖಾನೆಯಲ್ಲಿ ಮಾತು ಒಂದನ್ನೇ ಬರೆಯಬೇಕು ಅಂತಿಲ್ಲ. ನೋಡಿದ, ಕೈ ಚಾಚಿದ, ಬೆರಳು ತೋರಿಸಿದ, ಸದ್ದು ಮಾಡಿದ, ಎಲ್ಲವನ್ನೂ ಬರೆಯಬೇಕು. ಮಾತಿಗೆ ಮುಂಚೆ ಬರುವ ಮೆಟ್ಟಿಲುಗಳೇ ಇವು. 'ಅವನು ಹೇಳಿದನಾ' ಅನ್ನುವ ಖಾನೆ ತೆಗೆದು 'ನಾನು ಕಾದೆನಾ' ಅಂತ ಹಾಕಿದ್ದೇ ದೊಡ್ಡ ಬದಲಾವಣೆ.

ಪದಗಳನ್ನೂ ಬದಲಾಯಿಸಿದೆ. ಮಗುವಿಗೆ ಕೆಂಪು, ನೀಲಿ ಗೊತ್ತಾದರೆ ಅದರಿಂದ ಅವನಿಗೆ ಏನೂ ಸಿಗುವುದಿಲ್ಲ. 'ಹಾಕು' ಅಂದರೆ ನೀರು ಬೀಳುತ್ತದೆ, 'ಬಾ' ಅಂದರೆ ಅಪ್ಪ ಬರುತ್ತಾನೆ, 'ಬೇಡ' ಅಂದರೆ ಅನ್ನದ ತುತ್ತು ನಿಲ್ಲುತ್ತದೆ. ಹಾಗಾಗಿ ಮೊದಲ ವಾರಗಳಿಗೆ ಆರಿಸಿದ್ದು ಎಂಟೇ ಪದ: ಹಾಕು, ಕೊಡು, ಬಾ, ಬಿತ್ತು, ತೆಗಿ, ಇನ್ನೂ, ಬೇಡ, ನೀರು.

ಸ್ನಾನದ ಹೊತ್ತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉಳಿದದ್ದೂ ಇದೇ ರೀತಿ. ಮಗುವಿನ ಎದುರು, ಅವನ ಕಣ್ಣಿನ ಮಟ್ಟಕ್ಕೆ ಕೂರಬೇಕು. ಮಗ್ಗಿನಲ್ಲಿ ನೀರು ತುಂಬಿ, 'ಹಾಕು' ಅಂತ ನಾವೇ ಹೇಳಿ ಅವನ ಕಾಲ ಮೇಲೆ ಹೊಯ್ಯಬೇಕು. ಮತ್ತೆ ತುಂಬಿ, 'ಹಾಕು', ಹೊಯ್ಯಬೇಕು. ಮೂರು ನಾಲ್ಕು ಸಲ ಹೀಗೇ. ಆಮೇಲೆ ಮಗ್ಗನ್ನು ಮೇಲೆತ್ತಿ ಹಾಗೇ ನಿಲ್ಲಿಸಬೇಕು. ಬಾಯಿ ಮುಚ್ಚಿ, ಹುಬ್ಬು ಏರಿಸಿ, ಅವನ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಈ ಎಣಿಕೆ ದೊಡ್ಡವರಿಗೆ ತುಂಬ ಕಷ್ಟ. ಮೂರಕ್ಕೇ ನಾಲಿಗೆ ತುರಿಸುತ್ತದೆ. ಆದರೆ ಚಿಕ್ಕ ಮಗುವಿಗೆ ಪದ ನೆನಪಿಸಿಕೊಂಡು ಬಾಯಿಗೆ ತರಲು ಅಷ್ಟು ಹೊತ್ತು ಬೇಕು. ಅವನು ನೋಡಿದರೂ, 'ಆ' ಅಂದರೂ, ಕೈ ತಟ್ಟಿದರೂ ತಕ್ಷಣ 'ಹಾಕು!' ಅಂದು ನೀರು ಹೊಯ್ಯಬೇಕು. ಏನೂ ಮಾಡದಿದ್ದರೂ ಹತ್ತಾದ ಮೇಲೆ ನಾವೇ 'ಹಾಕು' ಅಂದು ಹೊಯ್ದುಬಿಡಬೇಕು. 'ಹೇಳಿದರೇ ಕೊಡ್ತೀನಿ' ಅಂತ ತಡೆದು ಹಿಡಿಯುವಂತಿಲ್ಲ.

ಇದೇ ಜಾಗದಲ್ಲಿ ಅವನಪ್ಪ ಎಡವಿದರು. ಎರಡನೇ ವಾರದ ಹಾಳೆಯಲ್ಲಿ ಸಂಜೆಯ ಸಾಲಿನಲ್ಲಿ ಮೂರು ದಿನ 'ಅತ್ತ' ಅಂತ ಬರೆದಿತ್ತು. ಕೇಳಿದರೆ, ಆಟದ ಕಾರನ್ನು ಎತ್ತರಕ್ಕೆ ಹಿಡಿದು 'ಕೊಡು ಅನ್ನು' ಅಂತ ನಿಮಿಷಗಟ್ಟಲೆ ನಿಂತಿದ್ದರಂತೆ. ಮಗು ಮುಖ ತಿರುಗಿಸಿದರೆ, ಕೈ ಬಿಟ್ಟು ಬೇರೆ ಕಡೆ ಹೊರಟರೆ, ಕಾದದ್ದು ಜಾಸ್ತಿ ಆಯಿತು ಅಂತ ಅರ್ಥ. ಅಲ್ಲಿಗೆ ಆಟ ಮುಗಿದು ಕಾಟ ಶುರುವಾಗಿರುತ್ತದೆ. ಅವರಿಗೆ ಕಾರಿನ ಬದಲು ಸ್ಟೀಲ್ ಡಬ್ಬಿ ಆಟ ಕೊಟ್ಟೆ. ಕಾರನ್ನು ಡಬ್ಬಿಗೆ ಹಾಕಿ ಮುಚ್ಚಳ ಗಟ್ಟಿ ಮುಚ್ಚಿ ಅವನ ಕೈಗೇ ಕೊಡುವುದು. ತೆಗೆಯಲಾಗದೆ ತಾನೇ ತಂದು ಕೊಡುತ್ತಾನೆ. ಆಗ 'ತೆಗಿ' ಅಂತ ಹೇಳಿ ಚೂರು ಕಾದು ತೆಗೆಯುವುದು. ಇಲ್ಲಿ ಕೇಳುವ ಆಸೆ ಮಗುವಿಗೇ ಹುಟ್ಟುತ್ತದೆ. ಡಬ್ಬಿಯೊಳಗೆ ಕಡಲೆಬೀಜ, ಹುರಿಗಡಲೆ ಮಾತ್ರ ಬೇಡ. ಈ ವಯಸ್ಸಿನಲ್ಲಿ ಅವು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಅಜ್ಜಿಯ ವಿಷಯ ಬೇರೆ. ಮೊಮ್ಮಗ ಅಡುಗೆಮನೆ ಕಡೆ ನೋಡಿದರೆ ಸಾಕು, ನೀರಿನ ಲೋಟ ಬಂದುಬಿಡುತ್ತಿತ್ತು. ಕೇಳುವ ಅಗತ್ಯವೇ ಇರಲಿಲ್ಲ ಅವನಿಗೆ. ಅವರನ್ನೂ ಒಮ್ಮೆ ಕರೆಸಿಕೊಂಡೆ. "ನೋಡಮ್ಮ, ಕೂಸು ಬಾಯಾರಿ ನಿಂತಿರೋವಾಗ ನಾನು ಕಾಯ್ಲಾ?" ಅಂದರು. ಅವರ ಮಾತು ನನಗೆ ಅರ್ಥವಾಯಿತು. "ಕಾಯೋದು ಬೇಡ ಅಜ್ಜಿ, ಲೋಟದಲ್ಲಿ ಎರಡೇ ಗುಟುಕು ನೀರು ಹಾಕಿ ಕೊಡಿ. ಇನ್ನೂ ಬೇಕು ಅಂತ ಅವನೇ ತಿರುಗಿ ಬರ್ತಾನೆ" ಅಂದೆ. ಇದನ್ನು ಅವರು ಒಪ್ಪಿದರು. ಸುಮ್ಮನೆ ಒಪ್ಪಿದ್ದಲ್ಲ, ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದೂ ಅವರೇ.

ಮಲಗುವ ಮುಂಚೆ ಫೋನು ನೋಡುತ್ತಿದ್ದ. ಅದರ ಜಾಗಕ್ಕೆ ಟಾರ್ಚ್ ಬಂತು. ದೀಪ ಆರಿಸಿ, ಗೋಡೆ ಮೇಲೆ ಬೆಳಕು ಬಿಟ್ಟು, 'ಬಂತು', 'ಹೋಯ್ತು'. ಅಷ್ಟೇ ಆಟ.

ಮೂರನೇ ವಾರದವರೆಗೆ ಹೊಸ ಪದ ಒಂದೂ ಬರಲಿಲ್ಲ. ಹಳೆಯ ಹಾಳೆ ಆಗಿದ್ದರೆ ಮತ್ತೆ ಎಲ್ಲ ಸಾಲೂ 'ಹೇಳಲಿಲ್ಲ' ಆಗಿರುತ್ತಿತ್ತು. ಈ ಹಾಳೆಯಲ್ಲಿ ಬೇರೆಯದೇ ಕಾಣುತ್ತಿತ್ತು. ಮೊದಲ ವಾರ 'ಕೈ ಎಳೆದ' ಅಂತ ಇದ್ದ ಕಡೆಯಲ್ಲಿ ಮೂರನೇ ವಾರ 'ಮುಖ ನೋಡಿದ, ಆ ಅಂದ' ಅಂತ ಬಂದಿತ್ತು. ನಾಲ್ಕನೇ ವಾರ ಸ್ನಾನದ ಸಾಲಲ್ಲಿ 'ಆಕು'. ಆಮೇಲೆ 'ಬಿತ್ತ', 'ನೀ'. ಅವನಮ್ಮ ಸಂಕೋಚದಿಂದ ಕೇಳಿದರು, ನೀರಿಗೆ ನೀ ಅಂದರೆ ಅದನ್ನು ಮಾತು ಅಂತ ಬರೆಯಬಹುದಾ ಅಂತ. ಖಂಡಿತ ಬರೆಯಬಹುದು. ಒಂದೇ ಸದ್ದನ್ನು ಒಂದೇ ಅರ್ಥಕ್ಕೆ ಪ್ರತಿ ಸಲವೂ ಬಳಸಿದರೆ ಅದು ಪದವೇ. ಬೌ, ಅಂಬಾ, ಕಾ ಕಾ ಕೂಡ ಲೆಕ್ಕಕ್ಕೆ ಸೇರುತ್ತವೆ. ತಿದ್ದಬಾರದು, 'ಅಲ್ಲ, ನೀರು ಅನ್ನು' ಅನ್ನಬಾರದು. ಅವನು 'ನೀ' ಅಂದರೆ ನಾವು 'ನೀರು. ನೀರು ಹಾಕು' ಅನ್ನಬೇಕು. ಅವನು ಆಡಿದ್ದಕ್ಕೆ ಒಂದೇ ಒಂದು ಪದ ಸೇರಿಸುವುದು, ಅದಕ್ಕಿಂತ ಜಾಸ್ತಿ ಬೇಡ. ಎಂಟನೇ ವಾರಕ್ಕೆ 19 ಪದ ಲೆಕ್ಕ ಸಿಕ್ಕಿತು.

ಈ ಹಾಳೆ ಎಲ್ಲ ಮಕ್ಕಳಿಗೂ ಸಾಲುವುದಿಲ್ಲ. ಪುಟ್ಟನ ನಂತರ ಬಂದ ಒಂದು ಹೆಣ್ಣು ಮಗುವಿಗೂ ಇದನ್ನೇ ಕೊಟ್ಟೆ. ಅಮ್ಮ ಒಂದು ದಿನವೂ ತಪ್ಪಿಸದೆ ಬರೆದಿದ್ದರು. ಆರು ವಾರವಾದರೂ ಕೊನೆಯ ಖಾನೆ ಕದಲಲಿಲ್ಲ. ಗಮನವಿಟ್ಟು ಓದಿದಾಗ ಒಂದು ವಿಷಯ ಕಂಡಿತು. ಎದುರು ಕೂತಾಗ ಮಗು ಸ್ಪಂದಿಸುತ್ತಿತ್ತು, ಕತ್ತಲಲ್ಲಿ ಟಾರ್ಚ್ ಆಟದಲ್ಲಿ ಕರೆದರೆ ತಿರುಗುತ್ತಿರಲಿಲ್ಲ. ಹುಟ್ಟಿದಾಗಿನ ಕಿವಿ ಪರೀಕ್ಷೆ ಸರಿ ಇತ್ತು. ಅದನ್ನೇ ನಂಬಿ ನಾನು ಮತ್ತೆ ಮಾಡಿಸಿರಲಿಲ್ಲ. ಈಗ ಮಾಡಿಸಿದರೆ ಎರಡೂ ಕಿವಿಯ ಪರದೆಯ ಹಿಂದೆ ನೀರು ತುಂಬಿತ್ತು. ಪದೇ ಪದೇ ನೆಗಡಿ ಆಗುವ ಮಕ್ಕಳಲ್ಲಿ ಇದು ಆಗುತ್ತದೆ. ಕಿವಿಯ ಚಿಕಿತ್ಸೆ ಆದ ಮೇಲೆಯೇ ನಮ್ಮ ಆಟ ಮುಂದೆ ಹೋಯಿತು. ಅಲ್ಲಿಂದ ಈಚೆಗೆ, ಹೊಸದಾಗಿ ಕಿವಿ ಪರೀಕ್ಷೆ ಆಗದೆ ಯಾರಿಗೂ ಹಾಳೆ ಕೊಡುವುದಿಲ್ಲ.

ಹಾಗೆಯೇ ಮಗು ಬೆರಳು ತೋರಿಸುವುದಿಲ್ಲ, ಹೆಸರಿಗೆ ತಿರುಗುವುದಿಲ್ಲ, ಹೇಳಿದ್ದು ಅರ್ಥವಾಗುವುದಿಲ್ಲ, ಅಥವಾ ಬಂದಿದ್ದ ಮಾತು ಹೋಗಿದೆ ಅಂದರೆ ಹಾಳೆ ಹಿಡಿದು ಕೂರಬೇಡಿ, ಮೊದಲು ಪೂರ್ತಿ ತಪಾಸಣೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ದೂರವಾದರೆ ನಿಮ್ಮ ಅಂಗನವಾಡಿಯಲ್ಲಿ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆ ತಪಾಸಣೆ ಬಗ್ಗೆ ಕೇಳಿ. ಇನ್ನೊಂದು ಮಾತು, ಮನೆಯಲ್ಲಿ ತುಳುವೋ ತೆಲುಗೋ ಉರ್ದುವೋ ಆಡುತ್ತಿದ್ದರೆ ಅದನ್ನು ನಿಲ್ಲಿಸಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ನಿಮ್ಮ ಬಾಯಿಗೆ ಯಾವುದು ಸಲೀಸೋ ಅದರಲ್ಲೇ ಆಡಿ.

ಪುಟ್ಟನ ಹನ್ನೆರಡನೇ ವಾರದ ಹಾಳೆ ನನ್ನ ಹತ್ತಿರ ಇದೆ. ಗುರುವಾರದ ಸಾಲು ಅಜ್ಜಿ ಹೇಳಿ ಬರೆಸಿದ್ದು. ಏನು ಆಡಿದೆವು: ನೀರು ಕುಡಿದದ್ದು. ನಾನು ಆಡಿದ ಪದ: ಏನೂ ಇಲ್ಲ. ಕಾದೆನಾ: ಹೂಂ. ಅವನು ಏನು ಮಾಡಿದ: ಲೋಟ ಮುಂದೆ ಹಿಡಿದು 'ಅಜ್ಜಿ, ಇನ್ನೂ' ಅಂದ.